84 ದಿನಕ್ಕೊಮ್ಮೆ ರೀಚಾರ್ಜ್ ಆಗ್ತಿದ್ದ ಅಪ್ಪನ ನಂಬರ್: ಒಂದು ಪ್ರಕರಣ

ಅಪ್ಪ ತೀರಿಕೊಂಡು 19 ತಿಂಗಳಾಗಿತ್ತು, ಆದ್ರೂ ಅಪ್ಪನ ಮೊಬೈಲ್ ನಂಬರಿಗೆ 84 ದಿನಕ್ಕೊಮ್ಮೆ ರೀಚಾರ್ಜ್ ಮಾಡ್ತಿದ್ರು ಅವರು, ಜರ್ಮನಿಯಾಗ ಕೂತು, ಫೋನಿನಾಗ ರಿಮೈಂಡರ್ ಇಟ್ಕೊಂಡು. ಆ ಫೋನ್ ಕಲಬುರಗಿ ಮನಿ ಅಲಮಾರಿನ್ಯಾಗ ಚಾರ್ಜ್ ಇಲ್ದೆ ಬಿದ್ದದ ಅಂತ ಅವರಿಗೂ ಗೊತ್ತು. ಏಳು ಸಲ ಮಾಡಿದ್ರು. ರೀಚಾರ್ಜ್ ಮಾಡಿದ ಮ್ಯಾಲ ಒಂದ್ಸಲ ಆ ನಂಬರಿಗೆ ಕಾಲ್ ಮಾಡೋದು, ಸ್ವಿಚ್ ಆಫ್ ಅದ ಅಂತ ಆ ಹೆಣ್ಮಗಳ ದನಿ ಕೇಳೋದು, ಫೋನ್ ಇಡೋದು. ನನ್ನ ಜೊತಿ ಮೊದಲನೇ ಸಲ ಮಾತಾಡಿದಾಗ ಇದನ್ನ ಹೇಳಲಿಲ್ಲ, ಮೂರನೇ ಸಲಕ್ಕ ಹೇಳಿದ್ರು, ಅದೂ ನಕ್ಕೋತ, "ಹುಚ್ಚ್ ಅನ್ಬ್ಯಾಡ್ರಿ ಮೇಡಂ" ಅಂತ.

ನಾನು ಕಲಬುರಗಿಯೊಳಗ ಕೌನ್ಸೆಲಿಂಗ್ ಮಾಡ್ತೀನಿ. ಈ ಕೇಸ್ ಬರೀಲಿಕ್ಕ ಅವರ ಒಪ್ಪಿಗಿ ತಗೊಂಡೀನಿ, ಗುರುತು ಸಿಗಬಾರ್ದು ಅಂತ ಊರು, ಕೆಲಸ, ಮನಿ ಮಂದಿಯ ಕೆಲವು ವಿವರ ಬದಲು ಮಾಡೀನಿ. ಹೆಸರು ಬ್ಯಾಡ, ಅವರು ಅಂತನೇ ಬರೀತೀನಿ.

ವಯಸ್ಸು 38. ಸ್ಟುಟ್‌ಗಾರ್ಟ್ ಕಡೆ ಒಂದು ಕಂಪನಿಯಾಗ ಕಾರಿನ ಸಾಫ್ಟ್‌ವೇರ್ ಕೆಲಸ, ಹೆಂಡ್ತಿ, ಐದು ವರ್ಷದ ಮಗಳು. ಅಪ್ಪ ಆಳಂದ ಕಡೆಯವರು, ರಿಟೈರ್ ಆದ ಪ್ರೈಮರಿ ಸಾಲಿ ಮಾಸ್ತರು, ಊರಾಗ ಆರು ಎಕರೆ ಹೊಲ, ತೊಗರಿ ಮತ್ತ ಜ್ವಾಳ. ಕಲಬುರಗಿಯಾಗ ಮನಿ ಕಟ್ಕೊಂಡು ಅವ್ವ ಅಪ್ಪ ಇದ್ರು, ತಂಗಿ ಅದೇ ಊರಾಗ ಎರಡು ಗಲ್ಲಿ ಆಚಿಗೆ. ಅವರು ಜರ್ಮನಿಗೆ ಹೋಗಿ ಒಂಬತ್ತು ವರ್ಷ ಆಗಿತ್ತು. ಅಷ್ಟು ವರ್ಷನೂ ದಿನಾ ರಾತ್ರಿ ನಮ್ಮ ಟೈಮಿಗೆ ಎಂಟಕ್ಕ ಅಪ್ಪನ ಫೋನ್. ಉಂಡೀ ತಮ್ಮಾ, ಅಲ್ಲೆ ಚಳಿ ಎಷ್ಟದ, ಇವತ್ತ ಗಂಜ್ ಮಾರ್ಕೆಟ್ಟಿನ್ಯಾಗ ತೊಗರಿ ರೇಟು ಇಷ್ಟಾತು, ಇಡ್ತೀನಿ. ನಾಕು ನಿಮಿಷ ಅಷ್ಟೇ. ಈ ನಾಕು ನಿಮಿಷದ ಮಾತು ನೆನಪಿಟ್ಕೊಳ್ರಿ, ಯಾಕಂದ್ರ ಒಂಬತ್ತು ವರ್ಷ ಅವರಿಗೆ ಅಪ್ಪ ಅಂದ್ರ ಹೆಚ್ಚು ಕಮ್ಮಿ ಈ ನಾಕು ನಿಮಿಷದ ದನಿ ಆಗಿತ್ತು, ವರ್ಷಕ್ಕೊಮ್ಮೆ ಮೂರು ವಾರ ರಜಾ ಬಿಟ್ರ.

2023ರ ಫೆಬ್ರವರಿ, ಮಂಗಳವಾರ ಸಂಜಿಗೆ ಅಪ್ಪಗ ಎದಿ ನೋವು ಬಂತು. ಆಸ್ಪತ್ರಿಗೆ ಸೇರ್ಸಿದ್ರು. ತಂಗಿ ಅಣ್ಣಗ ಮೆಸೇಜ್ ಹಾಕಿದ್ಲು, ಅಪ್ಪಗ ಗ್ಯಾಸ್ ಆಗ್ಯಾದ, ಡಾಕ್ಟರ್ ನೋಡ್ಲಾಕತ್ತಾರ, ಇವತ್ತ ಫೋನ್ ಮಾಡಲ್ಲ ಅಂತ. ಖರೇ ಏನಂದ್ರ ಹಾರ್ಟ್ ಅಟ್ಯಾಕ್. ದೂರ ಇರೋನಿಗೆ ಯಾಕ ಸುಮ್ಮನ ಗಾಬ್ರಿ ಮಾಡೋದು ಅಂತ ಅವ್ವನೇ ಹಂಗ ಹೇಳು ಅಂದಿದ್ಳಂತ. ನಮ್ಮ ಕಡೆ ಇದು ಮನಿಮನಿಗೂ ನಡೆಯೋ ವಿಷಯ, ಯಾರದೂ ಕೆಟ್ಟ ಮನಸ್ಸಿಲ್ಲ. ಬುಧವಾರ ನಸುಕಿನ್ಯಾಗ ನಾಕಕ್ಕ ಅಪ್ಪ ಹೋದ್ರು. ಜರ್ಮನಿಯಾಗ ಆಗ ಮಂಗಳವಾರ ರಾತ್ರಿ ಹನ್ನೊಂದೂವರಿ. ಮಣ್ಣು ಅವತ್ತೇ ಸಂಜಿ ನಾಕಕ್ಕ ಊರ ಹೊಲದಾಗ ಅಂತ ಹಿರ್ಯಾರು ಠರಾಯಿಸಿದ್ರು. ಫ್ರೀಜರ್ ಪೆಟ್ಟಿಗಿ ತರಿಸಿ ಒಂದಿನ ಇಡಬಹುದಿತ್ತು, ಒಬ್ಬರು ಅಂದ್ರೂ ಅಂತ, ಆದ್ರ ಸ್ವಾಮಿಗಳು, ದೊಡ್ಡಪ್ಪ, ಎಲ್ಲಾರೂ ಕೂಡಿ ಬ್ಯಾಡ ಅಂದ್ರು. ಇವರು ರಾತ್ರೋರಾತ್ರಿ ಟಿಕೆಟ್ ತಗೊಂಡು, ಬುಧವಾರ ಮಧ್ಯಾಹ್ನ ಫ್ರಾಂಕ್‌ಫರ್ಟಿನಿಂದ ದೋಹಾ, ಅಲ್ಲಿಂದ ಹೈದರಾಬಾದ್, ಅಲ್ಲಿಂದ ಟ್ಯಾಕ್ಸಿ, ಗುರುವಾರ ಮಧ್ಯಾಹ್ನ ಎರಡಕ್ಕ ಮನಿ ಮುಂದ ಇಳಿದಾಗ ಬಾಗಿಲ ಹತ್ರ ಚಪ್ಪಲಿ ರಾಶಿ ಇತ್ತು, ಅಪ್ಪ ಇರಲಿಲ್ಲ.

ಶಿವಗಣಾರಾಧನೆ ತನಕ ಇದ್ರು. ಅಳಲಿಲ್ಲ. ಪೆನ್ಶನ್ ಆಫೀಸು, ಬ್ಯಾಂಕು, ಡೆತ್ ಸರ್ಟಿಫಿಕೇಟು, ಅಡಿಗಿ ಮಂದಿ ಲೆಕ್ಕ, ಎಲ್ಲಾ ಇವರೇ ಓಡಾಡಿ ಮಾಡಿದ್ರು. ಬಂದೋರೆಲ್ಲ ಹುಡುಗ ಗಟ್ಟಿ ಅದಾನ್ ನೋಡು ಅಂದ್ರು. ವಾಪಸ್ ಹೋಗಿ ಮರುದಿನನೇ ಕೆಲಸಕ್ಕ ಹಾಜರ್. ಅಲ್ಲಿ ತಂದಿ ತಾಯಿ ತೀರಿಕೊಂಡ್ರ ಸಾಮಾನ್ಯವಾಗಿ ಎರಡು ದಿನದ ವಿಶೇಷ ರಜಾ, ಉಳಿದದ್ದು ಸ್ವಂತ ರಜಾದಾಗ ಕಟ್. ಸಹೋದ್ಯೋಗಿಗಳು ಒಂದು ಕಾರ್ಡ್ ಕೊಟ್ರು, ಒಂದು ವಾರ ಮೆತ್ತಗ ಮಾತಾಡಿದ್ರು, ಮುಗೀತು.

ಇಲ್ಲೆ ನನಗ ಹೇಳ್ಬೇಕಂದಿರೋ ಮುಖ್ಯ ಮಾತು ಅದ. ಕಲಬುರಗಿಯಾಗ ಇದ್ದ ಅವ್ವಗ, ತಂಗಿಗೆ, ಅಪ್ಪ ಇಲ್ಲ ಅನ್ನೋದನ್ನ ದಿನಾ ಮನಿನೇ ಹೇಳ್ತಿತ್ತು. ಖಾಲಿ ಹೊರ್ಸು, ಗೂಟಕ್ಕ ಜೋತುಬಿದ್ದ ಟೋಪಿ, ಮುಂಜಾನಿ ಒಂದು ಕಪ್ ಚಾ ಕಮ್ಮಿ. ಒಂದು ದಿನಕ್ಕ ಇಪ್ಪತ್ತು ಸಲ ಎದಿಗೆ ಗುದ್ದಿದಂಗ ಆಗ್ತದ, ಆದ್ರ ಹಂಗ ಗುದ್ದಿ ಗುದ್ದಿನೇ ತಲಿ ಅದನ್ನ ಒಪ್ಪಿಕೊಳ್ತದ. ಸ್ಟುಟ್‌ಗಾರ್ಟಿನ ಮನಿಯಾಗ ಅಪ್ಪ ಯಾವತ್ತೂ ಇದ್ದಿಲ್ಲ, ಹಂಗಾಗಿ ಅಲ್ಲಿ ಏನೂ ಖಾಲಿ ಆಗ್ಲಿಲ್ಲ. ಬದಲಾಗಿದ್ದು ಒಂದೇ, ದಿನಾ ಬರೋ ಒಂದು ಫೋನ್ ಬರ್ಲಿಲ್ಲ. ಫೋನ್ ಬರದೇ ಇರೋದಕ್ಕ ನೂರು ಕಾರಣ ಇರ್ತಾವ. ಅಪ್ಪ ಊರಿಗೆ ಹೋಗ್ಯಾನ, ಹೊಲದಾಗ ನೆಟ್‌ವರ್ಕ್ ಇಲ್ಲ ಅಂತ ಮನಸ್ಸು ಒಳಗೊಳಗ ಹೇಳ್ಕೋತ ಹೋಗ್ಬಹುದು. ಸಾವನ್ನ ನಂಬಲೇಬೇಕು ಅನ್ನೋ ಜುಲ್ಮಿ ಅಲ್ಲಿ ಯಾರೂ ಮಾಡಲ್ಲ. ಊರಾಗ ಇರೋನು ಅಪ್ಪನ ಖೋಲಿಗೆ ಹೋಗೋದು ಬಿಟ್ರ ನಾಕು ದಿನಕ್ಕ ಯಾರಾದ್ರೂ ಗುರುತು ಹಿಡೀತಾರ, ವಿದೇಶದಾಗ ಇರೋನು ಊರಿಗೆ ಬರದೇ ಹೋದ್ರ ಪಾಪ ಕೆಲಸ ಭಾಳ ಅಂತಾರ.

ಅವರು ಬರ್ಲಿಲ್ಲ. 2024ರ ಫೆಬ್ರವರಿಯಾಗ ವರ್ಷದ ಪುಣ್ಯಸ್ಮರಣೆಗೆ ಪ್ರಾಜೆಕ್ಟ್ ರಿಲೀಸ್ ಅದ ಅಂತ ಹೇಳಿ ರೊಕ್ಕ ಕಳಿಸಿದ್ರು. ರಿಲೀಸ್ ಇದ್ದಿಲ್ಲ, ಅದು ಹೆಂಡ್ತಿಗೆ ಗೊತ್ತಾತು, ಅಲ್ಲಿಂದ ಜಗಳ ಸುರು ಆಗಿ ಕಡೀಗೆ ನನ್ನ ನಂಬರ್ ಅವರ ಕೈಗೆ ಬಂತು. ಸೆಪ್ಟೆಂಬರ್ ಹೊತ್ತಿಗೆ ಅವರ ದಿನ ಹ್ಯಾಂಗಿತ್ತು ಅಂದ್ರ, ರಾತ್ರಿ ಮಗಳು ಮಲಗಿದ ಮ್ಯಾಲ ಅಪ್ಪನ ಹಳೇ ವಾಟ್ಸಾಪ್ ವಾಯ್ಸ್ ಮೆಸೇಜ್ ಮುಕ್ಕಾಲು ತಾಸು ಕೇಳೋದು. ಹಗಲು ಮಾತ್ರ ಉಲ್ಟಾ, ಅಪ್ಪನ ನೆನಪು ಬರೋದೇನೂ ಹತ್ರ ಬರಬಾರ್ದು. ಜ್ವಾಳದ ರೊಟ್ಟಿ ಬಿಟ್ಟಿದ್ರು. ಅವ್ವಗ ವಿಡಿಯೋ ಕಾಲ್ ಮಾಡ್ತಿದ್ದಿಲ್ಲ, ಬರೇ ಆಡಿಯೋ, ಯಾಕಂದ್ರ ವಿಡಿಯೋದಾಗ ಹಿಂದ ಹೊರ್ಸು ಕಾಣ್ತದ. ಅಣ್ಣನ ಮಗ ಮಣ್ಣಿನ ದಿನ ತೆಗೆದ ಆರು ವಿಡಿಯೋ ಕಳಿಸಿದ್ದ, ಒಂದೂ ಓಪನ್ ಮಾಡಿಲ್ಲ, ಡಿಲೀಟೂ ಮಾಡಿಲ್ಲ. ತಂಗಿ ಜೊತಿ ಹದಿನೆಂಟು ತಿಂಗಳಿಂದ ಹೌದು ಅಲ್ಲ ಬಿಟ್ಟು ಮಾತಿಲ್ಲ.

ಒಂದು ಕಡೆ ಸತ್ತೋರ ಹತ್ರ ಹತ್ರ ಹೋಗೋದು, ಇನ್ನೊಂದು ಕಡೆ ಸಾವಿನಿಂದ ದೂರ ದೂರ ಓಡೋದು, ಎರಡೂ ಒಬ್ಬರ ಹತ್ರನೇ. ಹೊರಗಿನೋರಿಗೆ ಇದು ತಾಳಮೇಳ ಇಲ್ಲದ್ದು ಅನಿಸ್ತದ. ಕಾಂಪ್ಲಿಕೇಟೆಡ್ ಗ್ರೀಫ್ ಅನ್ನೋದನ್ನ ಗುರುತು ಹಿಡಿಯೋರಿಗೆ ಮಾತ್ರ ಇದು ಭಾಳ ಪರಿಚಯದ ಜೋಡಿ, ಎರಡೂ ಮಾಡೋ ಕೆಲಸ ಒಂದೇ, ಸಾವು ಆಗ್ಯಾದ ಅನ್ನೋ ಸುದ್ದಿ ಒಳಗ ಇಳೀಲಾರದಂಗ ತಡೀತಾವ.

ಆ ಹೆಸರಿನ ಬಗ್ಗೆ ಸ್ವಲ್ಪ ಹೇಳ್ತೀನಿ. ಇಂಗ್ಲಿಷಿನ ಆ ಪದ ಕೇಳಿ ಗೋಜಲು ದುಃಖ, ಸಿಕ್ಕಾಪಟ್ಟಿ ದುಃಖ ಅಂತ ಮಂದಿ ತಿಳ್ಕೋತಾರ. ಅದು ಡಾಕ್ಟರ್ ಮಂದಿ ಹೇಳೋ ಕಾಂಪ್ಲಿಕೇಶನ್ ಅನ್ನೋ ಅರ್ಥದಾಗ ಅದ. ಕಾಲಿಗೆ ಕುಡಗೋಲು ಬಡಿದ್ರ ಗಾಯ ಆಗ್ತದ, ನೋವು ಸಹಜ, ಮಾಯ್ತದ. ಅದಕ್ಕ ಕೀವು ಹಿಡೀತು ಅಂದ್ರ ಅದು ಕಾಂಪ್ಲಿಕೇಶನ್. ದುಃಖ ಅನ್ನೋದು ಗಾಯ, ಅದು ರೋಗ ಅಲ್ಲ. ಆದ್ರ ಮಾಯೋ ದಾರಿಗೆ ಏನೋ ಒಂದು ಅಡ್ಡ ಬಿದ್ದು ಅಲ್ಲೇ ನಿಂತಿತು ಅಂದ್ರ ಆಗ ಜಟಿಲ. ಈಗ ಪುಸ್ತಕದಾಗ ಇದರ ಅಧಿಕೃತ ಹೆಸರು ಪ್ರೊಲಾಂಗ್ಡ್ ಗ್ರೀಫ್ ಡಿಸಾರ್ಡರ್, ದೀರ್ಘಕಾಲದ ಶೋಕ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11ರಾಗ ಅದ, ಅದು 2022ರಿಂದ ಜಾರಿಗೆ ಬಂತು, ಅದರ ಪ್ರಕಾರ ಕಮ್ಮಿ ಅಂದ್ರ ಆರು ತಿಂಗಳು ಆಗಿರ್ಬೇಕು. ಅಮೆರಿಕದ ಮನೋವೈದ್ಯರ ಡಿಎಸ್‌ಎಮ್ ಕೈಪಿಡಿಯಾಗೂ 2022ರಾಗೇ ಸೇರ್ತು, ಅವರು ದೊಡ್ಡೋರಿಗೆ ಹನ್ನೆರಡು ತಿಂಗಳು ಅಂತಾರ. ಬರೇ ತಿಂಗಳು ಎಣಿಸಿದ್ರ ಆಗಂಗಿಲ್ಲ. ಹೋದೋರ ಹಂಬಲ ಇಲ್ಲಾ ಅವರದೇ ಗುಂಗು ಹೆಚ್ಚುಕಮ್ಮಿ ದಿನಾ ಇರ್ಬೇಕು, ಅದರ ಜೊತಿಗೆ ನನ್ನದೊಂದು ಭಾಗನೇ ಸತ್ತಂಗ ಅನಿಸೋದು, ನಂಬಿಕಿ ಬರದೇ ಇರೋದು, ನೆನಪಿನಿಂದ ತಪ್ಪಿಸ್ಕೊಳ್ಳೋದು, ಮರಗಟ್ಟಿದಂಗ ಆಗೋದು, ಮುಂದಿನ ಜೀವನಕ್ಕ ಕೈ ಹಾಕಲಿಕ್ಕ ಆಗದೇ ಇರೋದು ಇಂಥವು ಹಲವು ಇರ್ಬೇಕು, ಕೆಲಸ ಇಲ್ಲಾ ಸಂಸಾರ ಕೆಟ್ಟಿರ್ಬೇಕು, ಮತ್ತ ಇದು ಅವರ ಸಮಾಜ, ಅವರ ಧರ್ಮದಾಗ ಸಹಜ ಅನ್ನೋದಕ್ಕಿಂತ ಮೀರಿರ್ಬೇಕು.

ಈ ಕಡೀ ಮಾತು ನಮ್ಮ ಕಡೆ ಭಾಳ ಮುಖ್ಯ. ಇದೇ ಮನಿಯ ಅವ್ವನ್ನ ನೋಡ್ರಿ. 19 ತಿಂಗಳಾದ್ರೂ ದಿನಾ ದೀಪ ಹಚ್ಚೋ ಹೊತ್ತಿಗೆ ಕಣ್ಣೀರು ಹಾಕ್ತಾರ, ಗಂಡನ ಫೋಟೋ ಜೊತಿ ಮಾತಾಡ್ತಾರ, ವರ್ಷ ತುಂಬೋ ತನಕ ಹಬ್ಬ ಮಾಡ್ಲಿಲ್ಲ. ಯಾವನರ ಹೊರಗಿನ ಡಾಕ್ಟರ್ ನೋಡಿದ್ರ ಇವರಿಗೇ ರೋಗ ಅಂತ ಬರೀಬಹುದು. ಆದ್ರ ಅವರು ಹೊಲದ ಲಾವಣಿ ತಾವೇ ಮಾತಾಡಿ ಮುಗಿಸ್ಯಾರ, ತೊಗರಿ ಮಾರ್ಯಾರ, ಸೋಮವಾರ ಶರಣಬಸವೇಶ್ವರ ಗುಡಿಗೆ ಹೋಗಿ ಬರ್ತಾರ, ಗಂಡನ ಮಾತು ತೆಗೆದ್ರ ಅಳ್ತಾರ, ಅಳ್ತಾ ಅಳ್ತಾನೇ ಅವರ ಸಿಟ್ಟಿನ ಕತಿ ಹೇಳಿ ನಗ್ತಾರ. ಗಾಯ ಅದ, ಮಾಯ್ಲಾಕತ್ತದ. ಮಗ ಅಳೋದೇ ಇಲ್ಲ, ಆಫೀಸಿಗೆ ಹೋಗ್ತಾನ, ಪ್ರಮೋಶನ್ನೂ ಆಗ್ಯಾದ. ಕೀವು ಇದ್ದಿದ್ದು ಅಲ್ಲೆ. ಹತ್ತಿರದೋರನ್ನ ಸಹಜ ಸಾವಿನಾಗ ಕಳ್ಕೊಂಡ ದೊಡ್ಡೋರಲ್ಲಿ ಸುಮಾರು ಹತ್ತರಾಗ ಒಬ್ಬರಿಗೆ ಹಿಂಗ ಆಗ್ತದ ಅಂತ 2017ರಾಗ ಹಲವು ಸಂಶೋಧನೆ ಕೂಡಿಸಿ ನೋಡಿದೋರು ಹೇಳ್ಯಾರ. ಅಂದ್ರ ಉಳಿದ ಒಂಬತ್ತು ಮಂದಿಗೆ ನನ್ನಂಥೋರು ಬೇಕಾಗಿಲ್ಲ, ಅದನ್ನೂ ಹೇಳ್ಬೇಕಲ್ಲ.

ಡಿಪ್ರೆಶನ್ ಅಲ್ವಾ ಅಂತ ಕೇಳ್ತೀರಿ. ಅವರ ಅಲ್ಲಿಯ ಫ್ಯಾಮಿಲಿ ಡಾಕ್ಟರೂ ಹಂಗೇ ತಿಳ್ಕೊಂಡು ಆರು ತಿಂಗಳು ಡಿಪ್ರೆಶನ್ ಗುಳಿಗಿ ಕೊಟ್ಟಿದ್ರು. ನಿದ್ದಿ ಸುಧಾರಿಸ್ತು, ತೂಕ ವಾಪಸ್ ಬಂತು, ಆದ್ರ ರಾತ್ರಿ ವಾಯ್ಸ್ ಮೆಸೇಜ್ ಕೇಳೋದು ಒಂದು ನಿಮಿಷ ಕಮ್ಮಿ ಆಗ್ಲಿಲ್ಲ. ಇದು ಆ ಡಾಕ್ಟರ ತಪ್ಪಲ್ಲ, ಗುಳಿಗಿ ಹಂಗೇ. 2016ರಾಗ ಅಮೆರಿಕದಾಗ 395 ಮಂದಿ ಮ್ಯಾಲ ಒಂದು ಟ್ರಯಲ್ ಆಗಿತ್ತು, ಸಿಟಾಲೋಪ್ರಾಮ್ ಅನ್ನೋ ಗುಳಿಗಿ ಶೋಕದ ಚಿಕಿತ್ಸೆಗೆ ಸೇರ್ಸಿದ್ರ ಡಿಪ್ರೆಶನ್ನಿನ ಲಕ್ಷಣ ಕಮ್ಮಿ ಆದ್ವು, ಶೋಕಕ್ಕ ಮಾತ್ರ ಗುಳಿಗಿಯಿಂದ ಹೆಚ್ಚಿನ ಫಾಯದಾ ಕಾಣಲಿಲ್ಲ. ಫರಕ್ ಹ್ಯಾಂಗ ತಿಳೀತದ ಅಂದ್ರ, ಡಿಪ್ರೆಶನ್ ಇದ್ದೋರಿಗೆ ಯಾವುದೂ ಬ್ಯಾಡ, ತಾನೇ ನಿಷ್ಪ್ರಯೋಜಕ ಅನಿಸ್ತದ, ದುಃಖಕ್ಕ ಒಂದು ಮುಖ ಇರಲ್ಲ. ಇವರಿಗೆ ದುಃಖಕ್ಕ ಒಂದೇ ಮುಖ ಇತ್ತು. ಮಗಳ ಜೊತಿ ಆಟ ಆಡೋವಾಗ ಖರೇ ಖುಷಿ ಆಗ್ತಿದ್ರು, ಮರುಗಳಿಗೀಗೆ ಅಪ್ಪಗ ಇವಳನ್ನ ಇನ್ನೊಮ್ಮೆ ತೋರ್ಸಲಿಲ್ಲ ಅಂತ ಕುಸೀತಿದ್ರು. ತಪ್ಪಿತಸ್ಥ ಭಾವನೆ ಪೂರಾ ಆ ಎರಡು ದಿನದ ಸುತ್ತನೇ ಇತ್ತು.

ಮೊದಲನೇ ಭೇಟಿಯಾಗ 19 ಪ್ರಶ್ನೆಯ ಒಂದು ಪಟ್ಟಿ ಬಳಸಿದೆ, ಇನ್ವೆಂಟರಿ ಆಫ್ ಕಾಂಪ್ಲಿಕೇಟೆಡ್ ಗ್ರೀಫ್ ಅಂತಾರ, ಒಂದೊಂದಕ್ಕ ಸೊನ್ನಿಯಿಂದ ನಾಕು ಅಂಕ, ಒಟ್ಟು 76. 25 ದಾಟಿದ್ರ ಹುಷಾರಾಗ್ಬೇಕು, ಚಿಕಿತ್ಸೆಯ ಟ್ರಯಲ್‌ಗಳಾಗ 30ರ ಮ್ಯಾಲಿನೋರನ್ನ ತಗೊಂಡಾರ. ಇವರದು 44. ಪ್ರಶ್ನೆ ಕನ್ನಡದಾಗ ಕೇಳೋವಾಗ ಒಂದು ಎಚ್ಚರ ಬೇಕು. ಸತ್ತೋರ ದನಿ ಕೇಳಿಸ್ತದೇನು ಅನ್ನೋ ಪ್ರಶ್ನೆಗೆ ನಮ್ಮ ಮಂದಿ ಹೌದ್ರಿ ಕನಸಿನ್ಯಾಗ ಬಂದು ಹೇಳಿದ್ರು ಅಂತಾರ, ಅದನ್ನ ಹಂಗೇ ಅಂಕ ಹಾಕಿದ್ರ ಲೆಕ್ಕ ತಪ್ಪತದ, ಕನಸು ಬ್ಯಾರೆ ಎಚ್ಚರ ಬ್ಯಾರೆ ಅಂತ ಬಿಡಿಸಿ ಕೇಳ್ಬೇಕು.

ಸಾಯೋ ವಿಚಾರ ಬರ್ತದೇನು ಅಂತ ನೇರ ಕೇಳಿದೆ. ಕೇಳಿದ್ರ ಇಲ್ಲದ್ದು ತಲಿಗೆ ಹಾಕ್ದಂಗ ಆಗ್ತದ ಅನ್ನೋದು ಸುಳ್ಳು ಹೆದರಿಕಿ. ಅಪ್ಪನ ಹತ್ರ ಹೋದ್ರ ಛಲೋ ಇತ್ತು ಅಂತ ಅನಿಸ್ತದ, ಆದ್ರ ಮಗಳನ್ನ ಬಿಟ್ಟು ಏನೂ ಮಾಡ್ಕೊಳ್ಳಲ್ಲ, ಹ್ಯಾಂಗ ಏನು ಅಂತ ವಿಚಾರ ಮಾಡಿಲ್ಲ ಅಂದ್ರು. ಇದು ಬರೇ ಆಸಿ, ಪ್ಲ್ಯಾನ್ ಅಲ್ಲ, ಆದ್ರೂ ಪ್ರತಿ ವಾರ ಕೇಳ್ಕೋತ ಹೋಗ್ಬೇಕು. ನಾನು ಏಳು ಸಾವಿರ ಕಿಲೋಮೀಟರ್ ದೂರ ಸ್ಕ್ರೀನಿನಾಗ ಇರೋಳು, ಏನಾದ್ರೂ ಆದ್ರ ಓಡಿ ಹೋಗೋ ಹಂಗಿಲ್ಲ. ಅದಕ್ಕ ಹೆಂಡ್ತಿಗೆ ಎಲ್ಲಾ ಗೊತ್ತಿರ್ಬೇಕು, ಅಲ್ಲಿಯ ಡಾಕ್ಟರಿಗೂ ತಿಳಿಸ್ಬೇಕು ಅನ್ನೋ ಷರತ್ತಿನ ಮ್ಯಾಲೇ ಸುರು ಮಾಡಿದ್ದು. ಇಲ್ಲಿ ಊರಾಗ ಇರೋರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಅದ, ಕನ್ನಡದಾಗ ಮಾತಾಡಬಹುದು. ಯುರೋಪಿನಾಗ ಇದ್ದೋರಿಗೆ ತುರ್ತಿಗೆ 112.

ಮಾಡಿದ ಚಿಕಿತ್ಸೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಕ್ಯಾಥರೀನ್ ಶಿಯರ್ ಮತ್ತ ಅವರ ಜೊತಿಯೋರು ರೂಪಿಸಿದ ಪದ್ಧತಿ, ಸುಮಾರು 16 ವಾರ. 2005ರಾಗ ಬಂದ ಅವರ ಮೊದಲ ಟ್ರಯಲಿನ್ಯಾಗ ಇದರಿಂದ ನೂರಕ್ಕ 51 ಮಂದಿ ಸುಧಾರಿಸಿದ್ರು, ಇನ್ನೊಂದು ಒಳ್ಳೆ ಥೆರಪಿಯಿಂದ 28. ಅಂದ್ರ ಅರ್ಧ ಮಂದಿಗೆ ಆಗ್ಲೇ ಇಲ್ಲ, ಇದನ್ನ ಅವರಿಗೂ ಮೊದಲೇ ಹೇಳಿದ್ದೆ.

ಮೊದಲ ಮೂರು ವಾರ ಒಂದು ಡೈರಿ. ದಿನಾ ರಾತ್ರಿ, ಇವತ್ತ ದುಃಖ ಎಲ್ಲಕ್ಕಿಂತ ಜಾಸ್ತಿ ಯಾವಾಗಿತ್ತು, ಹತ್ತಕ್ಕ ಎಷ್ಟು, ಎಲ್ಲಕ್ಕಿಂತ ಕಮ್ಮಿ ಯಾವಾಗಿತ್ತು, ಎಷ್ಟು. ಯಾವಾಗ್ಲೂ ಹತ್ತಕ್ಕ ಹತ್ತೇ ಇರ್ತದ ಬರೆಯೋದೇನದ ಅಂದಿದ್ರು. ಬರೆದಾಗ ಕಂಡಿದ್ದು, ಮಧ್ಯಾಹ್ನ ಮೂರೂವರಿಯಿಂದ ನಾಕೂವರಿ ಒಳಗ ಒಂಬತ್ತು. ಯಾಕ ಅಂತ ಅವರಿಗೂ ಹೊಳೀಲಿಲ್ಲ, ಆ ಹೊತ್ತಿಗೆ ಆಫೀಸಿನ್ಯಾಗ ಸುಮ್ಮನ ಎದ್ದು ಹೊರಗ ಹೋಗ್ತಿದ್ರಂತ. ನಾನು ಗಡಿಯಾರ ತೋರ್ಸಿದೆ. ಅಲ್ಲಿ ಮೂರೂವರಿ ಅಂದ್ರ ಚಳಿಗಾಲದಾಗ ಇಲ್ಲಿ ಎಂಟು, ಬ್ಯಾಸಗಿ ಟೈಮಿನ್ಯಾಗ ಅದು ನಾಕೂವರಿಗೆ ಸರೀತದ. ಅಪ್ಪನ ಫೋನಿನ ಹೊತ್ತು. ಒಂಬತ್ತು ವರ್ಷ ಮೀಟಿಂಗ್ ನಡುವ ಎದ್ದು ಹೋಗಿ ಅದನ್ನ ಎತ್ತಿದ್ರು, ಕಾಲಿಗೆ ಇನ್ನಾ ನೆನಪಿತ್ತು.

ನಾಕನೇ ವಾರ ಕಷ್ಟದ ಕೆಲಸ ಸುರು. ಕಣ್ಣು ಮುಚ್ಚಿ, ಸಾವಿನ ಸುದ್ದಿ ಬಂದ ಗಳಿಗಿಯಿಂದ, ಈಗ ನಡೀಲಾಕತ್ತದ ಅನ್ನೋ ಹಂಗ ಹೇಳೋದು, ಹತ್ತು ಹದಿನೈದು ನಿಮಿಷ. ನಡುನಡುವ ಕಸಿವಿಸಿ ನೂರಕ್ಕ ಎಷ್ಟು ಅಂತ ನಾನು ಕೇಳ್ತೀನಿ. ಮುಗಿದ ಮ್ಯಾಲ ಆ ಕತಿನ ಟೇಪ್ ಸುತ್ತಿ ಪೆಟ್ಟಿಗ್ಯಾಗ ಇಟ್ಟಂಗ ಇಡಿಸ್ಬೇಕು, ಆಮ್ಯಾಲ ಮನಸ್ಸಿಗೆ ಹಗುರ ಅನಿಸೋದು ಒಂದೇನಾದ್ರೂ ಮಾಡ್ಬೇಕು, ಅದನ್ನ ಬಿಡಂಗಿಲ್ಲ. ರೆಕಾರ್ಡ್ ಮಾಡಿ ದಿನಾ ಕೇಳ್ಬೇಕು. ಕುಡಿತ ಜೋರಿದ್ದೋರಿಗೆ, ಸಾಯೋ ಪ್ಲ್ಯಾನ್ ಇದ್ದೋರಿಗೆ ಇದನ್ನ ಮಾಡಬಾರ್ದು, ಯಾರೂ ಓದಿ ಮನ್ಯಾಗ ಒಬ್ಬರೇ ಟ್ರೈ ಮಾಡಬ್ಯಾಡ್ರಿ.

ಮೊದಲೆರಡು ಸಲ ವಿಚಿತ್ರ ಆತು. ಅವರು ಪೂರಾ ಕತಿ ಹೇಳಿದ್ರು, ಆದ್ರ ಪ್ರಾಜೆಕ್ಟ್ ರಿಪೋರ್ಟ್ ಓದಿದಂಗ. 23:50ಕ್ಕ ಕರೆ ಬಂತು, ಟಿಕೆಟ್ ಬುಕ್ ಆತು, ಫ್ರಾಂಕ್‌ಫರ್ಟಿಗೆ ಟ್ರೇನ್, ದೋಹಾ, ಹೈದರಾಬಾದ್. ಕಸಿವಿಸಿ ಎಷ್ಟು ಅಂದ್ರ 30. ನಾನು ಇಲ್ಲೆ ಎಡವಿದೆ, ಸುದ್ದಿ ಬಂದ ಗಳಿಗಿನೇ ಬಿಸಿ ಜಾಗ ಅಂತ ತಿಳ್ಕೊಂಡು ಅದನ್ನೇ ಮತ್ತ ಮತ್ತ ನಿಧಾನ ಮಾಡಿಸಿದೆ. ಎರಡು ವಾರ ಹಾಳು. ಆರನೇ ವಾರ ರೆಕಾರ್ಡಿಂಗ್ ನಾನೇ ಕೂತು ಕೇಳಿದಾಗ ಗೊತ್ತಾತು, ಏರ್‌ಪೋರ್ಟಿಗೆ ಬಂದಿದ್ದು ಮುಂಜಾನಿ ಹತ್ತಕ್ಕ, ವಿಮಾನ ಮಧ್ಯಾಹ್ನ ಮೂರರ ಹತ್ರ, ನಡುವಿನ ಐದು ತಾಸು ಕತಿಯಾಗೇ ಇಲ್ಲ. ಮಣ್ಣು ಆಗಿದ್ದು ನಮ್ಮ ನಾಕಕ್ಕ. ಅಲ್ಲಿ ಹನ್ನೊಂದೂವರಿ.

ಮುಂದಿನ ವಾರ ಕೇಳಿದೆ, ಹನ್ನೊಂದೂವರಿಗೆ ಎಲ್ಲಿ ಕೂತಿದ್ರಿ ಅಂತ. ಭಾಳ ಹೊತ್ತು ಸುಮ್ಮನಿದ್ರು. ಆಮ್ಯಾಲ ಹೇಳಿದ್ರು. ಗೇಟಿನ ಹತ್ರ ಕುರ್ಚಿ ಮ್ಯಾಲ ಕೂತಿದ್ರು, ಅಣ್ಣನ ಮಗ ಹೊಲದಿಂದ ವಿಡಿಯೋ ಕಾಲ್ ಮಾಡಿದ. ಎತ್ತಿದ್ರು. ಹಣಿ ತುಂಬ ವಿಭೂತಿ ಹಚ್ಚಿ, ಕೂಡಿಸಿದ ಅಪ್ಪನ ಮುಖ ಸ್ಕ್ರೀನ್ ತುಂಬ ಬಂತು, ಸುತ್ತ ಓಂ ನಮಃ ಶಿವಾಯ ದನಿ. ನಾಕು ಸೆಕೆಂಡ್. ಕಟ್ ಮಾಡಿದ್ರು. ಹುಡುಗ ಮತ್ತ ಮೂರು ಸಲ ಮಾಡಿದ, ಎತ್ತಲಿಲ್ಲ. ಅಪ್ಪನ ಕಿವ್ಯಾಗ ಫೋನ್ ಇಡ್ತೀವಿ ಮಾತಾಡು ಅಂತ ಮೆಸೇಜ್ ಬಂತು, ನೋಡಿದ್ರು, ಫೋನ್ ಜೇಬಿಗೆ ಇಟ್ರು, ಎದ್ದು ಹೋಗಿ ಒಂದು ಬ್ರೆಡ್ ತಗೊಂಡು ತಿಂದ್ರು, ಹಸಿವಾಗಿತ್ತಂತ. ಮನಿಗೆ ಬಂದು ನೆಟ್‌ವರ್ಕ್ ಹೋಗಿತ್ತು ಅಂದ್ರು. "ಒಂಬತ್ತು ವರ್ಷ ಅಪ್ಪ ಇಡ್ತೀನಿ ಅಂತ ಹೇಳಿ ಫೋನ್ ಇಡ್ತಿದ್ದ ಮೇಡಂ, ಕಡೀ ಸಲ ನಾನು ಏನೂ ಹೇಳದೇ ಕಟ್ ಮಾಡಿದೆ." ಕಸಿವಿಸಿ ಎಷ್ಟು ಅಂತ ನಾನು ಕೇಳ್ಲಿಲ್ಲ, ಕೇಳೋ ಅವಶ್ಯ ಇದ್ದಿಲ್ಲ. 19 ತಿಂಗಳಿಂದ ಇದನ್ನ ಹೆಂಡ್ತಿಗೂ ಹೇಳಿದ್ದಿಲ್ಲ.

ರೀಚಾರ್ಜು, ಓಪನ್ ಮಾಡದ ಆರು ವಿಡಿಯೋ, ವಿಡಿಯೋ ಕಾಲ್ ಬಿಟ್ಟಿದ್ದು, ಎಲ್ಲಾ ಆ ಕುರ್ಚಿಗೆ ಬಂದು ಕೂಡ್ತು. ತಂಗಿ ಮ್ಯಾಲಿನ ಸಿಟ್ಟೂ ಅರ್ಧ ಅಲ್ಲಿದೇ. ಅವಳು ಗ್ಯಾಸ್ ಅಂದಿದ್ದಕ್ಕ ಸಿಟ್ಟು ಖರೇ, ಆದ್ರ ಅವಳು ಅಪ್ಪನ ಹತ್ರ ಇದ್ಲು, ನಾನು ಕಟ್ ಮಾಡಿದೆ ಅನ್ನೋದು ಅದಕ್ಕಿಂತ ಆಳ.

ಆಮ್ಯಾಲಿನ ನಾಕು ವಾರ ಅದೇ ಐದು ತಾಸಿನ ಕತಿ. ಮೊದಲು 95, ದಿನಾ ರೆಕಾರ್ಡಿಂಗ್ ಕೇಳಿ ಅಳ್ತಿದ್ರು, ಒಂದು ವಾರ ಆಫೀಸಿಗೂ ರಜಾ ಹಾಕಿದ್ರು, ಹೆಂಡ್ತಿ ನನಗ ಫೋನ್ ಮಾಡಿ ಇದು ಗುಣ ಆಗೋ ಲಕ್ಷಣನಾ ಅಂತ ಜೋರು ಮಾಡಿದ್ರು, ಸರೀನೇ ಮಾಡಿದ್ರು. ಹತ್ತನೇ ವಾರಕ್ಕ 55. ಕತಿ ಬದಲಾಗ್ಲಿಲ್ಲ, ಆದ್ರ ಕತಿಯೊಳಗ ಹೊಸ ಸಾಮಾನು ಬಂತು, ಬಾಜೂಕ ಕೂತಿದ್ದ ಮುದುಕಿ ಒಬ್ಬಾಕಿ ಟಿಶ್ಯೂ ಕೊಟ್ಟಿದ್ದು ನೆನಪಾತು. ಅಂದ್ರ ಅವತ್ತ ಅತ್ತಿದ್ರು. ಅಳಲೇ ಇಲ್ಲ ಅಂತ ತಾವೇ ತಿಳ್ಕೊಂಡಿದ್ರು.

2024ರ ಡಿಸೆಂಬರ್ 30ಕ್ಕ ಎಳ್ಳಮವಾಸಿ ಇತ್ತು. ಹೊರಗಿನೋರಿಗೆ ಹೇಳ್ಬೇಕಂದ್ರ, ನಮ್ಮ ಕಡೆ ಅವತ್ತ ಎಲ್ಲಾರೂ ಹೊಲಕ್ಕ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹಿಂಡಿ ಕಟ್ಕೊಂಡು ಅಲ್ಲೇ ಕೂತು ಉಣ್ಣೋದು. ಈ ಪದ್ಧತಿಯಾಗ ತಪ್ಪಿಸ್ಕೊಂಡ ಜಾಗಕ್ಕ ಮೆಟ್ಟಲು ಮೆಟ್ಟಲಾಗಿ ಹೋಗೋದು ಒಂದು ಭಾಗ. ಮೊದಲು ರೊಟ್ಟಿ ತಿನ್ನೋದು, ಆಮ್ಯಾಲ ಅವ್ವಗ ವಿಡಿಯೋ ಕಾಲ್, ಆಮ್ಯಾಲ ಆರು ವಿಡಿಯೋದಾಗ ಒಂದು. ಮೇಲಿನ ಮೆಟ್ಟಲು ಹೊಲ. ಅವರೇ ಅಮವಾಸಿಗೆ ಬರ್ತೀನಿ ಅಂದ್ರು. ಬರೋಕಿಂತ ಮುಂಚೆ ತಂಗಿನ್ನ ಕರ್ಕೊಂಡು ಒಂದು ಸೆಷನ್ ಮಾಡಿದೆ. ಅವಳು ಅಣ್ಣ ನನ್ನ ಮ್ಯಾಲ ಸಿಟ್ಟಾಗ್ಯಾನ ಅಂತಷ್ಟೇ ತಿಳ್ಕೊಂಡಿದ್ಲು. ಕಟ್ ಮಾಡಿದ ವಿಷಯ ಕೇಳಿ ಅವಳು ಅಂದಿದ್ದು, "ಅಣ್ಣಾ, ಐಸಿಯು ಒಳಗ ನನ್ನೂ ಬಿಡಲಿಲ್ಲ. ನಾನೂ ಹೊರಗ ಬೆಂಚಿನ ಮ್ಯಾಲ ಚಾ ಕುಡ್ಕೋತ ಕೂತಿದ್ದೆ." ಅಣ್ಣಗ ಇದು ಗೊತ್ತೇ ಇದ್ದಿಲ್ಲ. ಕೇಳಿಲ್ಲ, ಹೇಳಿಲ್ಲ.

ಹೊಲದಾಗ ಏನಾತು ಅಂತ ನನಗ ಮೂರು ದಿನ ಬಿಟ್ಟು ಎದುರಿಗೆ ಕೂತು ಹೇಳಿದ್ರು, ಅಷ್ಟು ದಿನ ಸ್ಕ್ರೀನಿನ್ಯಾಗ ಭುಜದ ತನಕ ನೋಡಿದ್ದ ಮನಿಷ ಇಷ್ಟು ಎತ್ತರ ಅದಾನ ಅಂತ ನನಗ ಗೊತ್ತೇ ಇದ್ದಿಲ್ಲ. ಜ್ವಾಳ ಎದಿ ಮಟ ಬಂದಿತ್ತು. ಸಮಾಧಿ ಬದುವಿನ ಹತ್ರ, ಬನ್ನಿ ಗಿಡದ ಕೆಳಗ. ಅವರು ದೂರ ನಿಂತಿದ್ರು, ನಾನು ಹೇಳಿದ್ದೂ ಅಷ್ಟೇ, ನೋಡಿ ಬರ್ರಿ ಸಾಕು ಅಂತ. ಅವ್ವ ಬಂದು ಕೈ ಹಿಡಿದು ಕರ್ಕೊಂಡು ಹೋಗಿ, ಬಗ್ಗಿ ಒಂದು ಹಿಡಿ ಕರಿ ಮಣ್ಣು ಎತ್ತಿ ಅವರ ಅಂಗೈಯಾಗ ಹಾಕಿದ್ರಂತ. "ಅವತ್ತ ಹಾಕಿಲ್ಲಲ್ಲ, ಈಗ ಹಾಕು." ದೊಡ್ಡಪ್ಪ ಎರಡು ವರ್ಷ ಆದ ಮ್ಯಾಲ ಎಂಥಾ ಮಣ್ಣು, ಹಂಗೇನು ಪದ್ಧತಿ ಇಲ್ಲ ಅಂತ ಗೊಣಗಿದ್ರಂತ. ಪದ್ಧತಿ ಇಲ್ಲ ನಿಜ. ನನ್ನ ಪುಸ್ತಕದಾಗೂ ಇಲ್ಲ, ನನಗ ಹೊಳೆದಿದ್ದೂ ಇಲ್ಲ. ಮಣ್ಣು ಹಾಕಿದ್ರು, ಅಲ್ಲೇ ಕುಕ್ಕರಗಾಲಾಗಿ ಕೂತು ಅತ್ತರು, ಅರ್ಧ ತಾಸು. ಆಮ್ಯಾಲ ಉಂಡ್ರು, ಮೂರು ರೊಟ್ಟಿ.

ಆ ವಾರ ಕಡೀ ದೊಡ್ಡ ಹೆಜ್ಜಿ ಮಾಡಿದ್ವಿ, ಕಣ್ಣು ಮುಚ್ಚಿ ಅಪ್ಪನ ಜೊತಿ ಮಾತು. ಅಪ್ಪಗ ಹೇಳ್ಬೇಕಾದ್ದು ಹೇಳೋದು, ಆಮ್ಯಾಲ ಅಪ್ಪ ಆಗಿ ತಾವೇ ಉತ್ತರ ಕೊಡೋದು. ಹೋದೋರ ಜೊತಿ ಸಂಬಂಧ ಕೆಟ್ಟಿತ್ತು, ಹೊಡಿತ ಬಡಿತ ಇತ್ತು ಅಂದ್ರ ಇದು ತಿರುಗಿ ಬೀಳ್ತದ, ಇವರದು ಹಂಗಿರ್ಲಿಲ್ಲ. ಯಾಕ ಕಟ್ ಮಾಡಿದೆ ಅಂತ ಅಪ್ಪಗ ಹೇಳಿದ್ರು. ಉತ್ತರ ಬರ್ಲಿಕ್ಕ ಒಂದು ನಿಮಿಷ ಆತು, ಬಂದಾಗ ದನಿನೇ ಬ್ಯಾರೆ ಇತ್ತು, ಆಳಂದ ಕಡೀ ಮಾಸ್ತರ ದನಿ. "ಬ್ರೆಡ್ ತಿಂದಿ ಅಲ? ಛಲೋ ಮಾಡಿದಿ. ಅಷ್ಟು ದೂರ ಹಸ್ಕೊಂಡು ಬರ್ತಾರೇನು." ಆಮ್ಯಾಲ ಕಣ್ಣು ತೆಗೆದು ಹೇಳಿದ್ರು, ಇದು ನಾನು ಕಟ್ಟಿದ್ದಲ್ಲ ಮೇಡಂ, ಅಪ್ಪ ಖರೇ ಹಿಂಗೇ ಅಂತಿದ್ದ.

16ನೇ ವಾರಕ್ಕ ಅದೇ 19 ಪ್ರಶ್ನೆ, ಈ ಸಲ 21. ಸೊನ್ನಿ ಅಲ್ಲ, ಆಗೋದೂ ಇಲ್ಲ. ಫೆಬ್ರವರಿ ಎರಡನೇ ವರ್ಷದ ದಿನ ಮತ್ತ ಒಂದು ವಾರ ಡೈರಿಯಾಗ ಎಂಟು ಒಂಬತ್ತು ಇತ್ತು, ಆಮ್ಯಾಲ ಇಳೀತು, ಇದು ಬರ್ತದ ಅಂತ ಮೊದಲೇ ಮಾತಾಡಿಟ್ಟಿದ್ವಿ. ಆರು ವಿಡಿಯೋದಾಗ ನಾಕು ನೋಡ್ಯಾರ. ವಾಯ್ಸ್ ಮೆಸೇಜ್ ಐತವಾರ ಒಂದೆರಡು, ಮಗಳಿಗೂ ಕೇಳಿಸ್ತಾರ.

ರೀಚಾರ್ಜ್ ನಿಲ್ಲಿಸ್ರಿ ಅಂತ ನಾನು ಯಾವತ್ತೂ ಹೇಳಿದ್ದಿಲ್ಲ. ಅದು ಬ್ಯಾರೆ ರೀತಿ ಮುಗೀತು. ಮಾರ್ಚಿನ್ಯಾಗ ಅವ್ವನ ಕೀಪ್ಯಾಡ್ ಫೋನ್ ನೀರಾಗ ಬಿತ್ತು, ಅವರು ಯಾರಿಗೂ ಕೇಳ್ಲಿಲ್ಲ, ಅಲಮಾರಿ ತೆಗೆದು ಗಂಡನ ಫೋನ್ ಚಾರ್ಜಿಗೆ ಹಾಕಿದ್ರು. ನಂಬರ್ ಚಾಲೂ ಇತ್ತಲ್ಲ. ರಾತ್ರಿ ಎಂಟಕ್ಕ ಮಗನಿಗೆ ಹಚ್ಚಿದ್ರು. ಅಲ್ಲಿ ಮೀಟಿಂಗ್ ನಡುವ ಸ್ಕ್ರೀನಿನ ಮ್ಯಾಲ ಅಪ್ಪ ಅಂತ ಬಂತು. ಎದ್ದು ಹೊರಗ ಹೋದ್ರಂತ, ಕೈ ನಡುಗಲಾಕತ್ತಿತ್ತು, ಮೂರು ರಿಂಗಿಗೆ ಎತ್ತಿದ್ರು. "ಉಂಡೀ ಅಪ್ಪಾ?" ಅಂತ ಅವ್ವನ ದನಿ. ಅವರಿಗೆ ಅಳಬೇಕೋ ನಗಬೇಕೋ ತಿಳೀಲಿಲ್ಲ, ಎರಡೂ ಆತು, ಅವ್ವಗ ಗಾಬ್ರಿ ಆಗಿ ಏನಾತು ಏನಾತು ಅಂದ್ರು. ಈಗ ದಿನಾ ಅದೇ ನಂಬರಿನಿಂದ ಅವ್ವ ಮಾತಾಡ್ತಾರ, ರೀಚಾರ್ಜ್ ತಂಗಿ ಮಾಡಿಸ್ತಾಳ. ಕಾಂಟ್ಯಾಕ್ಟಿನ ಹೆಸರು ಬದಲು ಮಾಡ್ಬೇಕೇನ್ರಿ ಅಂತ ನನಗ ಕೇಳಿದ್ರು. ನಿಮಗ ಹ್ಯಾಂಗ ಬೇಕೋ ಹಂಗ ಅಂದೆ. ಇನ್ನಾ ಮಾಡಿಲ್ಲಂತ.